ಪರ್ಫಾರ್ಮೆನ್ಸ್ ನೂರು ದಾಟಿದರೆ: ಬರೆಯದೆ ಉಳಿದ 45 ನಿಮಿಷದ ಲೆಕ್ಕ

ಪ್ರಶ್ನೆ: ಸರ್, ಹೊಸೂರಿನ ಬಾಗಲೂರು ರಸ್ತೆಯಲ್ಲಿ ನಮ್ಮದು ಚಿಕ್ಕ ಶಾಪ್. ಎರಡು ಸಿಎನ್‌ಸಿ ಲೇತ್ ಇವೆ, ಟೂ ವೀಲರ್‌ಗೆ ಪಿನ್ ಮಾಡಿಕೊಡುತ್ತೇವೆ. ಪಾರ್ಟಿಯವರು ಮೆಷಿನ್‌ವಾರು ಓಇಇ, ಅಂದರೆ ಮೆಷಿನ್ ಓಡಬೇಕಾದ ಸಮಯದಲ್ಲಿ ಎಷ್ಟು ಪಾಲು ಒಳ್ಳೆಯ ಜಾಬ್‌ಗೆ ಹೋಯಿತು ಎಂಬ ಶೇಕಡಾ ಅಂಕಿ, ಕೊಡಿ ಎಂದರು. ಒಂದು ಶಿಫ್ಟ್‌ನ ಲೆಕ್ಕ ಹೀಗಿದೆ: 8 ಗಂಟೆ, ಊಟ ಟೀ ಸೇರಿ 50 ನಿಮಿಷ ಬಿಡುವು, ಬರೆದ ಡೌನ್‌ಟೈಮ್ 73 ನಿಮಿಷ, ಆದ ಜಾಬ್ 208, ರಿಜೆಕ್ಟ್ 8, ಸೈಕಲ್ ಟೈಮ್ 120 ಸೆಕೆಂಡ್. ಪರ್ಫಾರ್ಮೆನ್ಸ್ 117% ಬಂತು, ಅದನ್ನು 100 ಮಾಡಿ 80% ಓಇಇ ಎಂದು ಕಳಿಸಿದೆ. ಅವರ ಇಂಜಿನಿಯರ್ ಒಪ್ಪಲಿಲ್ಲ. ತಪ್ಪು ಎಲ್ಲಿದೆ? ಹುಡುಗರ ಕೈಯಲ್ಲಿ ಏನು ಬರೆಸಬೇಕು?

ಉತ್ತರ: ತಪ್ಪಿರುವುದು 120 ಸೆಕೆಂಡ್‌ನಲ್ಲಿ. ಪರ್ಫಾರ್ಮೆನ್ಸ್ ನೂರು ದಾಟಲು ಕಾರಣ ಬಹುಪಾಲು ಒಂದೇ: ನೀವು ಹಾಕಿದ ಸೈಕಲ್ ಟೈಮ್‌ಗಿಂತ ಮೆಷಿನ್ ನಿಜಕ್ಕೂ ಬೇಗ ಜಾಬ್ ಕೊಡುತ್ತಿದೆ. ಆಗ ಅಂಕಿಯನ್ನು ನೂರಕ್ಕೆ ಕತ್ತರಿಸಿದರೆ ಹಾಳೆ ಚೆಂದ ಕಾಣುತ್ತದೆ, ಆದರೆ ಏನೋ ಸರಿಯಿಲ್ಲ ಎಂದು ಹೇಳುತ್ತಿದ್ದ ಒಂದೇ ಒಂದು ಗುರುತನ್ನೂ ಅಳಿಸಿದಂತಾಗುತ್ತದೆ. ಪಾರ್ಟಿಯ ಇಂಜಿನಿಯರ್ ಹಿಡಿದಿದ್ದು ಅದನ್ನೇ ಇರಬೇಕು. ಎಲ್ಲ ಶಿಫ್ಟ್‌ನಲ್ಲೂ ಪರ್ಫಾರ್ಮೆನ್ಸ್ ಸರಿಯಾಗಿ 100 ಎಂದಿರುವ ಹಾಳೆಯನ್ನು ಯಾರೂ ನಂಬುವುದಿಲ್ಲ.

ಈ 120 ಎಲ್ಲಿಂದ ಬಂತು ಎಂದು ಕೇಳಿದಾಗ ಕೊಟೇಶನ್ ಹಾಳೆಯಿಂದ ಎಂದಿರಿ. ರೇಟ್ ಹಾಕುವಾಗ ಯಾರೂ ಬರೀ ಕಟಿಂಗ್ ಸಮಯ ಹಾಕುವುದಿಲ್ಲ. ಚಿಪ್ಸ್ ತೆಗೆಯುವುದು, ಇನ್ಸರ್ಟ್ ತಿರುಗಿಸುವುದು, ಅಳತೆ ನೋಡುವುದು ಎಲ್ಲಕ್ಕೂ ಒಂದಿಷ್ಟು ಸೇರಿಸಿಯೇ ಗಂಟೆಗೆ 30 ಜಾಬ್ ಎಂದು ಒಪ್ಪಂದ ಮಾಡಿಕೊಳ್ಳುತ್ತಾರೆ. ರೇಟಿಗೆ ಅದು ಸರಿ. ಓಇಇಗೆ ಅದೇ ಅಂಕಿಯನ್ನು ತಂದರೆ, ಹುಡುಕಬೇಕಾದ ನಷ್ಟವನ್ನೆಲ್ಲ ಮೊದಲೇ ಸೈಕಲ್ ಟೈಮ್ ಒಳಗೆ ಬಚ್ಚಿಟ್ಟು ಆಮೇಲೆ ನಷ್ಟ ಎಲ್ಲಿದೆ ಎಂದು ಹುಡುಕಿದಂತೆ.

ಓಇಇಗೆ ಬೇಕಾದದ್ದು ಆದರ್ಶ ಸೈಕಲ್ ಟೈಮ್. ಆ ಜಾಬ್, ಆ ಮೆಷಿನ್, ಆ ಫಿಕ್ಸ್ಚರ್ ಇಟ್ಟುಕೊಂಡು, ಅಡ್ಡಿಯೇನೂ ಇಲ್ಲದಾಗ, ಅವಸರ ಪಡದೆ, ಒಂದು ಸೈಕಲ್ ಸ್ಟಾರ್ಟ್ ಒತ್ತಿದ್ದರಿಂದ ಮುಂದಿನ ಸೈಕಲ್ ಸ್ಟಾರ್ಟ್ ಒತ್ತುವವರೆಗೆ ಹಿಡಿಯುವ ಸಮಯ ಅದು. ಜಾಬ್ ತೆಗೆದು ಹಾಕುವುದೂ ಅದರಲ್ಲಿ ಸೇರಿರಬೇಕು, ಏಕೆಂದರೆ ಕೈಯಲ್ಲಿ ಲೋಡ್ ಮಾಡುವ ಲೇತ್‌ನಲ್ಲಿ ಅದಿಲ್ಲದೆ ಜಾಬ್ ಆಗುವುದಿಲ್ಲ. ಬರೀ ಪ್ರೋಗ್ರಾಮ್ ಸಮಯ ಹಾಕಿದರೆ ಆಪರೇಟರ್ ಎಷ್ಟು ಚುರುಕಾಗಿದ್ದರೂ ಪರ್ಫಾರ್ಮೆನ್ಸ್ ಮೇಲೇಳುವುದಿಲ್ಲ. ಅದು ಇನ್ನೊಂದು ತುದಿಯ ತಪ್ಪು.

ನಾನು ಕೇಳಿದ ಮೇಲೆ ನೀವು ಸಾಲಾಗಿ 20 ಜಾಬ್ ಅಳೆದು ಕಳಿಸಿದ್ದೀರಿ. ಅದರಲ್ಲಿ 18 ಜಾಬ್ 90ರ ಆಸುಪಾಸಿನಲ್ಲೇ ಇವೆ: ಪ್ರೋಗ್ರಾಮ್ 68 ಸೆಕೆಂಡ್, ತೆಗೆದು ಹಾಕಲು 22. ಉಳಿದ ಎರಡಕ್ಕೆ ಸುಮಾರು 210 ಸೆಕೆಂಡ್ ಹಿಡಿದಿದೆ. ಈ ಪಟ್ಟಿ ನೋಡಿದ ಕೂಡಲೇ ಎಲ್ಲರಿಗೂ ಸರಾಸರಿ ತೆಗೆಯೋಣ ಎನಿಸುತ್ತದೆ. ತೆಗೆದರೆ 102 ಬರುತ್ತದೆ. ಅದನ್ನು ಹಾಕಿದರೆ ಪರ್ಫಾರ್ಮೆನ್ಸ್ 99% ಬಂದು ಎಲ್ಲವೂ ಸರಿಯಾಗಿದೆ ಎಂದೇ ಕಾಣುತ್ತದೆ. ಅದು 117ಕ್ಕಿಂತಲೂ ಅಪಾಯದ ಅಂಕಿ, ಏಕೆಂದರೆ ನೋಡಿದವರಿಗೆ ಅನುಮಾನ ಬರುವುದಿಲ್ಲ. ಆ ಎರಡು ಜಾಬ್‌ನಲ್ಲಿ ಹೋದ ಹೆಚ್ಚಿನ ಎರಡೆರಡು ನಿಮಿಷ ನಷ್ಟದ ಸಮಯ. ಅದನ್ನು ಸರಾಸರಿಯಲ್ಲಿ ಕರಗಿಸಬಾರದು. ಪಟ್ಟಿಯಲ್ಲಿ ಮತ್ತೆ ಮತ್ತೆ ಬರುವ ಚಿಕ್ಕ ಅಂಕಿಯನ್ನು ತೆಗೆದುಕೊಳ್ಳಿ, ಅಂದರೆ 90.

ಈಗ ನಿಮ್ಮದೇ ಶಿಫ್ಟ್ ಅನ್ನು ಮತ್ತೆ ಲೆಕ್ಕ ಹಾಕೋಣ. 480 ನಿಮಿಷದಲ್ಲಿ ಬಿಡುವಿನ 50 ಕಳೆದರೆ ಮೆಷಿನ್ ಓಡಬೇಕಾಗಿದ್ದ ಸಮಯ 430. ಬರೆದ ಡೌನ್‌ಟೈಮ್ 73 ಕಳೆದರೆ ಓಡಿದ್ದು 357. ಹಾಗಾಗಿ ಅವೈಲಬಿಲಿಟಿ 83.0%. 208 ಜಾಬ್‌ಗೆ ಒಂದೂವರೆ ನಿಮಿಷದಂತೆ 312 ನಿಮಿಷ ಸಾಕಿತ್ತು. 357ರಲ್ಲಿ 312 ಎಂದರೆ ಪರ್ಫಾರ್ಮೆನ್ಸ್ 87.4%. 208ರಲ್ಲಿ 200 ಒಳ್ಳೆಯವು, ಕ್ವಾಲಿಟಿ 96.2%. ಮೂರನ್ನೂ ಗುಣಿಸಿದರೆ ಓಇಇ 69.8%. ತಾಳೆ ನೋಡಲು ಒಂದು ಅಡ್ಡದಾರಿ ಇದೆ. ಒಳ್ಳೆಯ ಜಾಬ್ 200ಕ್ಕೆ ಬೇಕಾದ 300 ನಿಮಿಷವನ್ನು ನೇರವಾಗಿ 430ರಿಂದ ಭಾಗಿಸಿ, ಅದೇ ಉತ್ತರ ಬರಬೇಕು. ಬರದಿದ್ದರೆ ಹಾಳೆಯ ಸೂತ್ರದಲ್ಲಿ ಎಲ್ಲೋ ಕೈತಪ್ಪಿದೆ.

ಎಕ್ಸೆಲ್‌ನಲ್ಲಿ ಇಷ್ಟು ಸಾಕು. B2ರಿಂದ B7ರವರೆಗೆ ಕ್ರಮವಾಗಿ ಶಿಫ್ಟ್ ನಿಮಿಷ, ಬಿಡುವು, ಬರೆದ ಡೌನ್‌ಟೈಮ್, ಆದರ್ಶ ಸೈಕಲ್ ಟೈಮ್ ಸೆಕೆಂಡ್‌ನಲ್ಲಿ, ಒಟ್ಟು ಜಾಬ್, ಒಳ್ಳೆಯ ಜಾಬ್ ತುಂಬಿ.

```
B8:  =B2-B3
B9:  =B8-B4
B10: =B9/B8
B11: =B6*B5/60/B9
B12: =B7/B6
B13: =B10*B11*B12
B14: =B9-B6*B5/60
```

B13 ನಿಮ್ಮ ಓಇಇ. ಪಾರ್ಟಿಗೆ ಬೇಕಾದದ್ದು ಅದು. ನಿಮಗೆ ಬೇಕಾದದ್ದು ಕೊನೆಯ ಸಾಲು, B14. ನಿಮ್ಮ ಶಿಫ್ಟ್‌ಗೆ ಅಲ್ಲಿ 45 ಬರುತ್ತದೆ. ಮೆಷಿನ್ ನಿಂತಿತ್ತು ಎಂದು ಯಾರೂ ಬರೆದಿಲ್ಲ, ಜಾಬ್ ಕೂಡ ಆಗಿಲ್ಲ. ಅಂಥ 45 ನಿಮಿಷ. ಈ ಅಂಕಿ ಮೈನಸ್‌ಗೆ ಹೋದರೆ ಆದರ್ಶ ಸೈಕಲ್ ಟೈಮ್ ದೊಡ್ಡದಾಯಿತು ಎಂದರ್ಥ, ಅಥವಾ ಊಟದ ಹೊತ್ತಿನಲ್ಲೂ ಯಾರೋ ಮೆಷಿನ್ ಓಡಿಸಿದ್ದಾರೆ. ಹಲವು ಶಾಪ್‌ಗಳಲ್ಲಿ ಪಕ್ಕದ ಮೆಷಿನ್‌ನವನು ಬಂದು ನೋಡಿಕೊಳ್ಳುವ ರೂಢಿ ಇದೆ. ನಿಮ್ಮಲ್ಲೂ ಹಾಗಿದ್ದರೆ ಆ 50 ನಿಮಿಷವನ್ನು ಕಳೆಯಬೇಡಿ.

ಆ 45 ನಿಮಿಷ ಎಲ್ಲಿ ಹೋಯಿತು ಎನ್ನುವುದಕ್ಕೆ ಎರಡೇ ದಾರಿ. ಒಂದೋ ಮೆಷಿನ್ ನಿಧಾನ ಓಡಿದೆ, ಇಲ್ಲವೇ ಜಾಬ್‌ಗಳ ನಡುವೆ ಸುಮ್ಮನೆ ನಿಂತಿದೆ. ಯಾವುದೆಂದು ತಿಳಿಯಲು ದೊಡ್ಡ ಉಪಕರಣ ಬೇಡ. ನಿಮ್ಮ ಫಾನುಕ್ ಕಂಟ್ರೋಲರ್ ಪರದೆಯಲ್ಲೇ `CYCLE TIME` ಕಾಣುತ್ತದೆ. ಶಿಫ್ಟ್‌ನಲ್ಲಿ ಬೇರೆ ಬೇರೆ ಹೊತ್ತಿನಲ್ಲಿ ಹೋಗಿ ಅದನ್ನು ಓದಿ. ಯಾವಾಗಲೂ 68ರ ಹತ್ತಿರವೇ ಇದ್ದರೆ ಕಟಿಂಗ್ ಸರಿಯಾಗಿಯೇ ನಡೆದಿದೆ. ರಾತ್ರಿ ಶಿಫ್ಟ್‌ನಲ್ಲಿ 80, 85 ಕಂಡರೆ ಫೀಡ್ ಓವರ್‌ರೈಡ್ ಅಥವಾ ರ‍್ಯಾಪಿಡ್ ಓವರ್‌ರೈಡ್ ಸ್ವಿಚ್ಚನ್ನು ಯಾರೋ ಇಳಿಸಿದ್ದಾರೆ. ಹಾಗೆ ಇಳಿಸಿದವನನ್ನು ಗದರುವ ಮೊದಲು ಏಕೆ ಎಂದು ಕೇಳಿ. ಇನ್ಸರ್ಟ್ ಬೇಗ ಮುರಿಯುತ್ತಿದೆಯೋ, ಜಾಬ್ ಚಕ್‌ನಲ್ಲಿ ಜಾರುತ್ತಿದೆಯೋ, ಅವನಿಗೆ ಕಾರಣ ಇರುತ್ತದೆ.

ನಿಮ್ಮಲ್ಲಿ 68 ಹಾಗೇ ಇದೆ. ಹಾಗಾದರೆ ನಷ್ಟ ಇರುವುದು ಜಾಬ್‌ಗಳ ನಡುವೆ. ನೀವೇ ಅಳೆದ 20ರಲ್ಲಿ 210 ಸೆಕೆಂಡ್‌ನವು ಎರಡೂ ಚಿಪ್ಸ್ ಎಳೆದ ಹೊತ್ತು. 15 ಜಾಬ್‌ಗೊಮ್ಮೆ ನಿಲ್ಲಿಸಿ ಕೊಕ್ಕೆ ಹಾಕಿ ಎಳೆಯುತ್ತಾರೆ ಎಂದಿದ್ದೀರಿ. 208 ಜಾಬ್‌ಗೆ ಸುಮಾರು 14 ಸಲ, ಸಲಕ್ಕೆ ಎರಡು ನಿಮಿಷ, ಅಲ್ಲಿಗೆ 28 ಆಯಿತು. ಇನ್ಸರ್ಟ್ ತಿರುಗಿಸಿ ಆಫ್‌ಸೆಟ್ ಕೊಟ್ಟು ಅಳತೆ ನೋಡುವುದು ಶಿಫ್ಟ್‌ಗೆ ಮೂರು ಸಲ, ನಾಲ್ಕು ನಾಲ್ಕು ನಿಮಿಷ, ಅದು 12. ಉಳಿದ ಐದು ನಿಮಿಷ ಟ್ರಾಲಿ ತಳ್ಳುವುದು, ಬೆವರು ಒರೆಸಿಕೊಳ್ಳುವುದು, ಅದನ್ನು ಬಿಡಿ. ಐದು ನಿಮಿಷದೊಳಗೆ ಮುಗಿಯುವ ಇಂಥ ನಿಲುಗಡೆಯನ್ನು ಹುಡುಗರು ಬರೆಯುವುದಿಲ್ಲ. ಬರೆಯಿರಿ ಎಂದು ಹೇಳಲೂಬಾರದು. ಬರೆಯುವುದೇ ಒಂದು ಕೆಲಸವಾದರೆ ಎರಡನೇ ದಿನಕ್ಕೆ ಹಾಳೆ ಸುಳ್ಳಾಗುತ್ತದೆ. ಈ ಚಿಕ್ಕ ನಿಲುಗಡೆಗಳನ್ನು ಹಿಡಿಯಬೇಕಾದದ್ದು B14, ಆಪರೇಟರ್ ಅಲ್ಲ.

ಜಾಬ್ ಲೆಕ್ಕದಲ್ಲೇ 28 ನಿಮಿಷ ಎಷ್ಟು ದೊಡ್ಡದು ನೋಡಿ. ಒಂದೂವರೆ ನಿಮಿಷಕ್ಕೊಂದರಂತೆ 18 ಜಾಬ್. ನೀವು ಹಾಳೆಯಲ್ಲಿ ಕೆಂಪು ಪೆನ್ನಿಂದ ಸುತ್ತು ಹಾಕಿದ 18 ನಿಮಿಷದ ಫಸ್ಟ್ ಪೀಸ್ ಅಪ್ರೂವಲ್ ಕಾಯುವಿಕೆ 12 ಜಾಬ್‌ನದು. ಕಣ್ಣಿಗೆ ಕಂಡದ್ದಕ್ಕಿಂತ ಕಾಣದ್ದೇ ದೊಡ್ಡದು. ನಿಮ್ಮ ಪಿನ್ 20MnCr5 ಉಕ್ಕಿನದು, ಅದರಲ್ಲಿ ಉದ್ದ ಚಿಪ್ಸ್ ಬರುವುದು ಸಹಜ. ಫಿನಿಶ್ ಪಾಸ್‌ನಲ್ಲಿ ಫೀಡ್ ಅಥವಾ ಕಟ್‌ನ ಆಳ ತೀರಾ ಕಡಿಮೆ ಇದ್ದರೆ ಚಿಪ್ ಬ್ರೇಕರ್ ಇದ್ದೂ ಇಲ್ಲದಂತೆ. ಚಿಪ್ಸ್ ಮುರಿಯದೆ ದಾರದ ಉಂಡೆಯಾಗಿ ಚಕ್‌ಗೆ ಸುತ್ತುತ್ತದೆ. ಟೂಲ್ ಕೊಡುವವರನ್ನು ಕರೆಸಿ, ಫಿನಿಶಿಂಗ್‌ಗೆ ಹೊಂದುವ ಚಿಪ್ ಬ್ರೇಕರ್ ಇರುವ ಇನ್ಸರ್ಟ್ ಹಾಕಿ, ಸರ್ಫೇಸ್ ಫಿನಿಶ್ ಕೆಡದಷ್ಟು ಫೀಡ್ ಏರಿಸಿ ನೋಡಿ. 15 ಜಾಬ್‌ಗೊಮ್ಮೆ ನಿಲ್ಲುವುದು 40 ಜಾಬ್‌ಗೊಮ್ಮೆ ಆದರೂ ಲಾಭವೇ.

ಇನ್ನು ಹಾಳೆಯಲ್ಲಿ ಏನು ಬರೆಸಬೇಕು ಎನ್ನುವುದು. ಮೊದಲು ಎಣಿಕೆ. ಕಂಟ್ರೋಲರ್‌ನ `PARTS COUNT` ನಂಬಬಹುದು, ಆದರೆ ಅದು ಏನನ್ನು ಎಣಿಸುತ್ತದೆ ಎಂದು ಗೊತ್ತಿರಬೇಕು. ಸಾಮಾನ್ಯವಾಗಿ ಪ್ರೋಗ್ರಾಮ್ `M30` ಅಥವಾ `M02` ಮುಟ್ಟಿದಾಗಲೆಲ್ಲ ಒಂದು ಏರುತ್ತದೆ. ಅದು ಜಾಬ್ ಇದೆಯೇ ಎಂದು ನೋಡುವುದಿಲ್ಲ. ಬೆಳಿಗ್ಗೆ ಸ್ಪಿಂಡಲ್ ಬಿಸಿ ಮಾಡಲು ಓಡಿಸಿದ ಪ್ರೋಗ್ರಾಮ್, ಒಮ್ಮೆ ಮಾಡಿದ ಜಾಬನ್ನೇ ಮತ್ತೆ ಹಾಕಿ ಓಡಿಸಿದ ರಿವರ್ಕ್, ಎಲ್ಲವೂ ಎಣಿಕೆಗೆ ಸೇರುತ್ತವೆ. ಇದನ್ನು ತಪ್ಪಿಸಲು ಎಣಿಕೆಯನ್ನು ಬೇರೆಯೇ ಒಂದು ಎಂ ಕೋಡ್‌ಗೆ ಕಟ್ಟಬಹುದು. ಪ್ಯಾರಾಮೀಟರ್ `6710`ರಲ್ಲಿ ಆ ಕೋಡ್ ಸಂಖ್ಯೆ ಕೊಟ್ಟು, `6700`ರ ಬಿಟ್ 0 ಅನ್ನು 1 ಮಾಡಿದರೆ ಆ ಕೋಡ್ ಬಂದಾಗ ಮಾತ್ರ ಏರುತ್ತದೆ. ಮೆಷಿನ್ ಕಂಪನಿಯವರನ್ನು ಕೇಳಿಕೊಂಡೇ ಮಾಡಿ. ಬೇರೆ ಕೆಲಸಕ್ಕೆ ಬಳಸಿರುವ ಕೋಡ್ ಸಂಖ್ಯೆ ಕೊಟ್ಟರೆ ತೊಂದರೆ.

ಶಿಫ್ಟ್ ಶುರುವಿನಲ್ಲಿ ಕೌಂಟರ್ ಸೊನ್ನೆ ಮಾಡುವ ಅಭ್ಯಾಸ ಬಿಡಿಸಿ. ಶುರುವಿನ ಓದು, ಕೊನೆಯ ಓದು, ಎರಡನ್ನೂ ಬರೆಯಲಿ. ನಿಮ್ಮ ಮನೆಯ ಕರೆಂಟ್ ಮೀಟರ್ ಓದುವಂತೆಯೇ: ವ್ಯತ್ಯಾಸ ಮುಖ್ಯ, ಅಂಕಿ ಅಲ್ಲ. ಸೊನ್ನೆ ಮಾಡುವ ಗುಂಡಿ ಕೈಗೆ ಸಿಕ್ಕರೆ ಹಿಂದಿನ ಶಿಫ್ಟ್‌ನವನ ಲೆಕ್ಕ ಯಾವಾಗ ಅಳಿಸಿಹೋಯಿತೆಂದು ಯಾರಿಗೂ ಗೊತ್ತಾಗುವುದಿಲ್ಲ. ಆ ವ್ಯತ್ಯಾಸವು ಒಳ್ಳೆಯ ಜಾಬ್‌ನ ಟ್ರೇ, ಕೆಂಪು ಬಿನ್, ಸೆಟ್ಟಿಂಗ್ ಪೀಸ್, ಈ ಮೂರರ ಮೊತ್ತಕ್ಕೆ ಸರಿಹೊಂದಬೇಕು. ನಿಮ್ಮ 8 ರಿಜೆಕ್ಟ್‌ನಲ್ಲಿ ಸೆಟ್ಟಿಂಗ್ ಪೀಸ್ 5 ಇವೆ ಎಂದು ಹಾಳೆಯ ಅಂಚಿನಲ್ಲಿ ಬರೆದಿದೆ. ಅವನ್ನು ಸೇರಿಸಿದ್ದು ಸರಿ. ಎಷ್ಟೋ ಕಡೆ ಸೆಟ್ಟಿಂಗ್ ಪೀಸ್ ಬಿಟ್ಟುಬಿಡುತ್ತಾರೆ, ಕ್ವಾಲಿಟಿ ಯಾವಾಗಲೂ 99ರ ಮೇಲೆ ತೇಲುತ್ತದೆ. ರಿವರ್ಕ್ ಆಗಿ ಪಾಸಾದ ಜಾಬನ್ನೂ ಒಳ್ಳೆಯದು ಎಂದು ಎಣಿಸಬೇಡಿ. ಓಇಇಗೆ ಮೊದಲ ಸಲಕ್ಕೇ ಸರಿಯಾದದ್ದು ಮಾತ್ರ ಲೆಕ್ಕ.

ಡೌನ್‌ಟೈಮ್‌ಗೆ ಐದು ನಿಮಿಷ ಮೀರಿದ ನಿಲುಗಡೆ ಮಾತ್ರ. ನಿಂತ ಹೊತ್ತು ಮತ್ತು ಮತ್ತೆ ಹೊರಟ ಹೊತ್ತು ಗಡಿಯಾರ ನೋಡಿ ಬರೆಯಬೇಕು. ಎಷ್ಟು ನಿಮಿಷ ಎಂದು ಆಪರೇಟರ್ ಲೆಕ್ಕ ಹಾಕುವುದು ಬೇಡ. ಹೊರಟ ಹೊತ್ತು ಎಂದರೆ ಮೊದಲ ಒಳ್ಳೆಯ ಜಾಬ್ ಕೈಗೆ ಬಂದ ಹೊತ್ತು. ಕರೆಂಟ್ ಹೋಗಿ ಎಂಟು ನಿಮಿಷಕ್ಕೆ ಬಂದಿರಬಹುದು. ಆದರೆ ಕಂಟ್ರೋಲರ್ ಏಳಬೇಕು, ಅರ್ಧ ಕಟ್‌ನಲ್ಲಿ ಸಿಕ್ಕಿಕೊಂಡ ಟೂಲ್ ಹಿಂದೆ ತರಬೇಕು, ಕೆಟ್ಟ ಜಾಬ್ ಬಿಚ್ಚಬೇಕು, ಮತ್ತೆ ಅಳತೆ ನೋಡಬೇಕು. ನಿಮ್ಮ ಹಾಳೆಯ 20 ನಿಮಿಷ ಹೀಗೆ ಆದದ್ದು, ಅದು ಸರಿಯಾಗಿದೆ. ಎಲ್ಲ ನಮೂದೂ 10, 15, 20 ಎಂದು ಸುತ್ತಿನ ಅಂಕಿಯಲ್ಲಿದ್ದರೆ ಮಾತ್ರ ಎಚ್ಚರ. ಅದು ಶಿಫ್ಟ್ ಮುಗಿಯುವಾಗ ಕೂತು ನೆನಪಿನಿಂದ ಬರೆದ ಹಾಳೆ.

ಕಾರಣದ ಪಟ್ಟಿ ಚಿಕ್ಕದಿರಲಿ, ಎಂಟು ಹತ್ತು ಸಾಕು. ಜಾಬ್ ಬದಲಾವಣೆ ಮತ್ತು ಸೆಟ್ಟಿಂಗ್, ಫಸ್ಟ್ ಪೀಸ್ ಅಪ್ರೂವಲ್‌ಗೆ ಕಾದದ್ದು, ಬ್ಲಾಂಕ್ ಇಲ್ಲ, ಟೂಲ್ ಇಲ್ಲ, ಟೂಲ್ ಮುರಿತ, ಮೆಷಿನ್ ರಿಪೇರಿ, ಏರ್ ಅಥವಾ ಕೂಲಂಟ್, ಕರೆಂಟ್, ಇತರೆ. ‘ಇತರೆ’ ತೆಗೆಯಬೇಡಿ. ತೆಗೆದರೆ ಹುಡುಗರು ಮೇಲಿರುವ ಮೊದಲ ಸಂಖ್ಯೆಯನ್ನೇ ಹಾಕಿಬಿಡುತ್ತಾರೆ. ಅದರ ಮುಂದೆ ಒಂದು ಸಾಲು ಬರೆಯಲು ಜಾಗ ಬಿಡಿ, ವಾರಕ್ಕೊಮ್ಮೆ ಆ ಸಾಲುಗಳನ್ನು ಓದಿ. ಒಂದೇ ಮಾತು ಮತ್ತೆ ಮತ್ತೆ ಬಂದರೆ ಅದಕ್ಕೆ ಸ್ವಂತ ಸಂಖ್ಯೆ ಕೊಡಿ. ‘ಆಪರೇಟರ್ ಇಲ್ಲ’ ಎಂಬ ಸಾಲನ್ನು ಆಪರೇಟರ್‌ನ ಹಾಳೆಯಲ್ಲಿ ಹಾಕಬೇಡಿ. ತನ್ನ ಮೇಲೆ ತಾನೇ ದೂರು ಬರೆಯುವವನು ಯಾರಿದ್ದಾನೆ? ಅದನ್ನು ಸೂಪರ್‌ವೈಸರ್ ಬರೆದುಕೊಳ್ಳಲಿ.

ನಿಮ್ಮ ಕಡೆ ಇನ್ನೊಂದು ತೊಡಕಿದೆ. ತಳಿ, ದೆಂಕಣಿಕೋಟೆ ಕಡೆಯ ಎಷ್ಟೋ ಹುಡುಗರು ಮನೆಯಲ್ಲಿ ಕನ್ನಡವನ್ನೋ ತೆಲುಗನ್ನೋ ಆಡುತ್ತಾರೆ, ಓದು ಬರಹ ಮಾತ್ರ ತಮಿಳಿನದು. ರಾತ್ರಿ ಶಿಫ್ಟ್‌ಗೆ ಉತ್ತರದ ಕಡೆಯ ಹುಡುಗರಿದ್ದರೆ ಅವರಿಗೆ ಹಿಂದಿ ಬೇಕು. ನಿಮ್ಮ ಹಾಳೆಯಲ್ಲಿ ಕಾರಣಗಳು ಕನ್ನಡದಲ್ಲಿವೆ, ರಾತ್ರಿಯ ನಮೂದೆಲ್ಲ ‘ಇತರೆ’. ಇದು ಸೋಮಾರಿತನ ಎಂದು ನನಗನಿಸುವುದಿಲ್ಲ. ಹಾಳೆಯಲ್ಲಿ ಬರೀ ಸಂಖ್ಯೆ ಬರೆಸಿ. ಮೆಷಿನ್ ಪಕ್ಕದ ಗೋಡೆಗೆ ಒಂದು ಬೋರ್ಡ್ ಹಾಕಿ: ದಪ್ಪ ಸಂಖ್ಯೆ, ಪಕ್ಕದಲ್ಲಿ ಚಿತ್ರ, ಕೆಳಗೆ ಕನ್ನಡ, ತಮಿಳು, ಹಿಂದಿ ಮೂರರಲ್ಲೂ ಒಂದೊಂದು ಪದ. ಬಲ್ಬ್ ಚಿತ್ರ ಕರೆಂಟ್‌ಗೆ, ಮೈಕ್ರೋಮೀಟರ್ ಚಿತ್ರ ಅಪ್ರೂವಲ್‌ಗೆ, ಖಾಲಿ ಟ್ರಾಲಿ ಬ್ಲಾಂಕ್‌ಗೆ.

ಒಂದೇ ನಿಲುಗಡೆಗೆ ಎರಡು ಕಾರಣ ಬಂದರೆ ಮೆಷಿನ್ ಮೊದಲು ನಿಂತದ್ದು ಯಾವುದರಿಂದ ಎಂಬುದನ್ನೇ ಬರೆಯಿರಿ, ಎರಡನೆಯದು ಶುರುವಾದಾಗ ಹೊಸ ಸಾಲು. ಸೆಟ್ಟಿಂಗ್ 35 ನಿಮಿಷಕ್ಕೆ ಮುಗಿದು, ಆಮೇಲೆ ಇನ್‌ಸ್ಪೆಕ್ಟರ್‌ಗಾಗಿ 18 ನಿಮಿಷ ಕಾದದ್ದನ್ನು ನಿಮ್ಮವರು ಬೇರೆ ಬೇರೆಯಾಗಿ ಬರೆದಿದ್ದಾರೆ. ಒಟ್ಟಿಗೆ 53 ಎಂದಿದ್ದರೆ ಸೆಟ್ಟರ್ ಮೇಲೆ ಹೊರೆ ಬೀಳುತ್ತಿತ್ತು. ಈಗ ಕಾಣುವುದು ಮಧ್ಯಾಹ್ನ ಇನ್‌ಸ್ಪೆಕ್ಟರ್ ಎರಡು ಮೆಷಿನ್‌ಗೂ ಒಬ್ಬರೇ ಎಂಬ ಸಂಗತಿ.

ಶಿಫ್ಟ್‌ನಲ್ಲಿ ಎರಡು ಬಗೆಯ ಜಾಬ್ ಓಡಿದರೆ ಪ್ರತಿಯೊಂದರ ಜಾಬ್ ಸಂಖ್ಯೆಯನ್ನು ಅದರದೇ ಆದರ್ಶ ಸಮಯದಿಂದ ಗುಣಿಸಿ, ನಿಮಿಷಗಳನ್ನು ಕೂಡಿಸಿ. ವಾರದ ಅಂಕಿಗೂ ನಿಮಿಷಗಳನ್ನೇ ಕೂಡಿಸಿ ಕೊನೆಗೆ ಭಾಗಿಸಿ. ಶೇಕಡಾಗಳ ಸರಾಸರಿ ತೆಗೆದರೆ ಅರ್ಧ ದಿನ ಓಡಿದ ಭಾನುವಾರವೂ ಪೂರ್ತಿ ದಿನದಷ್ಟೇ ತೂಗುತ್ತದೆ.

85% ಇರಬೇಕಲ್ಲವೇ ಎಂದು ನಿಮ್ಮ ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಆ ಅಂಕಿ ಜಪಾನಿನ ಸೆಯಿಚಿ ನಕಾಜಿಮಾ ಅವರ ಟಿಪಿಎಂ ಎಂಬ ಮೆಷಿನ್ ನಿರ್ವಹಣೆಯ ಪಾಠದಿಂದ ಬಂದದ್ದು: ಅವೈಲಬಿಲಿಟಿ 90, ಪರ್ಫಾರ್ಮೆನ್ಸ್ 95, ಕ್ವಾಲಿಟಿ 99, ಗುಣಿಸಿದರೆ ಹೆಚ್ಚೂ ಕಡಿಮೆ 85. ದಿನಕ್ಕೊಮ್ಮೆ ಜಾಬ್ ಬದಲಿಸುವ, ಕೈಯಲ್ಲಿ ಲೋಡ್ ಮಾಡುವ ಚಿಕ್ಕ ಲೇತ್ ಅದಕ್ಕೆ ಹೆಗಲು ಕೊಡಬೇಕಿಲ್ಲ. ಪಾರ್ಟಿಗೆ 69.8 ಎಂದೇ ಕಳಿಸಿ. ಜೊತೆಗೆ 90 ಸೆಕೆಂಡ್ ಅಳೆದ ಹಾಳೆ ಲಗತ್ತಿಸಿ. ಹಳೆಯ 80 ಹೇಗೆ ಬಂತು ಎಂಬುದನ್ನು ಒಂದು ಸಾಲಿನಲ್ಲಿ ಬರೆಯಿರಿ. ಅವರ ಇಂಜಿನಿಯರ್‌ಗೆ ಬೇಕಾಗಿರುವುದು ಶಿಫ್ಟ್‌ಗೆ ಎಷ್ಟು ಪಿನ್ ನಂಬಬಹುದು ಎನ್ನುವ ಲೆಕ್ಕ, ಅದು ಈಗ ಅವರಿಗೆ ಸಿಗುತ್ತದೆ. 90 ಸೆಕೆಂಡ್ ನೋಡಿದ ಮೇಲೆ ರೇಟ್ ಇಳಿಸಿ ಎಂದು ಕೇಳಿಯಾರು ಎಂಬ ಅಂಜಿಕೆ ನಿಮಗಿರಬಹುದು. ರೇಟ್ ನಿಂತಿರುವುದು ಗಂಟೆಗೆ 30ರ ಮೇಲೆ. ಬಿಡುವು ಕಳೆದ 430 ನಿಮಿಷದಲ್ಲಿ ನಿಮ್ಮಿಂದ ಆಗುತ್ತಿರುವ ಒಳ್ಳೆಯ ಜಾಬ್ ಗಂಟೆಗೆ 28. ಈ ಎರಡನ್ನೂ ಮುಂದಿಟ್ಟು ಮಾತಾಡಿ.

ಆದರ್ಶ ಸಮಯವನ್ನು ಪಾರ್ಟ್ ನಂಬರ್, ಆಪರೇಷನ್ ಮತ್ತು ತಾರೀಖಿನ ಸಮೇತ ಒಂದು ಕಡೆ ಬರೆದಿಡಿ, ಸುಮ್ಮನೆ ಬದಲಿಸಬೇಡಿ. ಪ್ರೋಗ್ರಾಮ್ ಬದಲಾದಾಗ ಮಾತ್ರ ಬದಲಿಸಿ. ನಾಳೆ ನಿಮ್ಮ ಪ್ರೋಗ್ರಾಮರ್ 68ನ್ನು 60ಕ್ಕೆ ಇಳಿಸಿದ ಎನ್ನಿ. ಆದರ್ಶ ಸಮಯ 82 ಆಯಿತು. ಚಿಪ್ಸ್ ಮತ್ತು ಇನ್ಸರ್ಟ್‌ನ ನಷ್ಟ ಜಾಬ್‌ಗೆ ಇಷ್ಟೆಂದು ಹಾಗೇ ಉಳಿದರೆ, ಅದೇ 357 ನಿಮಿಷದಲ್ಲಿ 208ರ ಬದಲು ಸುಮಾರು 225 ಜಾಬ್ ಬರುತ್ತವೆ, ಆದರೆ ಪರ್ಫಾರ್ಮೆನ್ಸ್ 87ರಿಂದ 86ಕ್ಕೆ ಇಳಿಯುತ್ತದೆ. ಆ ತಿಂಗಳು ಪಾರ್ಟಿಗೆ ಕಳಿಸುವ ಹಾಳೆಯಲ್ಲಿ ಶೇಕಡಾ ಪಕ್ಕದಲ್ಲೇ ಜಾಬ್ ಸಂಖ್ಯೆಯನ್ನೂ, ಸೈಕಲ್ ಟೈಮ್ ಬದಲಾದ ತಾರೀಖನ್ನೂ ಹಾಕಿ.